ಪಾಲುದಾರರನ್ನು ಬಿಟ್ಟು ಹೂಡಿದ ಪಾಲಿನ ದಾವೆ

ತಿಪಟೂರು ಸೀಮೆಯಲ್ಲಿ ಒಂದು ಆರು ಎಕರೆ ತೆಂಗಿನ ತೋಟ ಇದೆ ಎಂದುಕೊಳ್ಳಿ. ಯಜಮಾನ ತೀರಿಹೋಗಿದ್ದಾನೆ, ಉಯಿಲು ಬರೆದಿಲ್ಲ. ಹೆಂಡತಿ ಅವನಿಗಿಂತ ಮೊದಲೇ ಹೋದಳು. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಹಿರಿಯ ಮಗ ತೋಟ ನೋಡಿಕೊಳ್ಳುತ್ತಿದ್ದ. ರಸ್ತೆ ಬದಿಯ ಒಂದೂವರೆ ಎಕರೆಯನ್ನು ಊರಿನ ಒಬ್ಬರಿಗೆ ನೋಂದಾಯಿತ ಕ್ರಯಪತ್ರ ಮಾಡಿಕೊಟ್ಟ. ಅದು ಗೊತ್ತಾದ ನಡುವಿನವ ಸಿಟ್ಟಾಗಿ ಕೋರ್ಟಿಗೆ ಹೋದ. ಅಣ್ಣ ಮತ್ತು ತಮ್ಮನನ್ನು ಪ್ರತಿವಾದಿಗಳನ್ನಾಗಿ ಮಾಡಿ, ತನಗೆ ಮೂರರಲ್ಲೊಂದು ಪಾಲು ಕೊಡಿಸಬೇಕೆಂದು ದಾವೆ ಹಾಕಿದ. ದಾವಾಪತ್ರದ ಜೊತೆ ಇಟ್ಟ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಇರಲಿಲ್ಲ, ಕ್ರಯಕ್ಕೆ ಕೊಂಡವನ ಸುದ್ದಿಯೂ ಇರಲಿಲ್ಲ.

ಕುಟುಂಬ ಕಲ್ಪಿತ. ಆದರೆ ಕರ್ನಾಟಕದ ಯಾವುದೇ ತಾಲ್ಲೂಕು ಕೋರ್ಟಿನಲ್ಲಿ ಒಂದು ವಾರ ಕೂತರೆ ಇಂಥ ದಾವೆ ಕಣ್ಣಿಗೆ ಬೀಳದೆ ಇರುವುದಿಲ್ಲ. ಇಲ್ಲಿ ಬಿಟ್ಟುಹೋದವರನ್ನು ಒಳಗೆ ತರಲು ಇರುವ ದಾರಿಯೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 1, ನಿಯಮ 10(2)ರ ಅರ್ಜಿ. ವಕೀಲರ ಬಾಯಲ್ಲಿ ಅದು ‘ಇಂಪ್ಲೀಡಿಂಗ್ ಅರ್ಜಿ’.

ಮೊದಲು ಲೆಕ್ಕ ನೋಡೋಣ. ಆರು ಎಕರೆ ಎಂದರೆ 240 ಗುಂಟೆ. ಮೂವರಿಗೆ ಹಂಚಿದರೆ ತಲಾ 80 ಗುಂಟೆ, ಅಂದರೆ ಎರಡು ಎಕರೆ. ಐವರಿಗೆ ಹಂಚಿದರೆ ತಲಾ 48 ಗುಂಟೆ, ಅಂದರೆ ಒಂದು ಎಕರೆ ಎಂಟು ಗುಂಟೆ. ಈ ಕುಟುಂಬದ ಮಟ್ಟಿಗೆ ತೋಟ ಪಿತ್ರಾರ್ಜಿತವಾದರೂ ಅಪ್ಪನ ಸ್ವಯಾರ್ಜಿತವಾದರೂ ಫಲ ಒಂದೇ. ಪಿತ್ರಾರ್ಜಿತವಾದರೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಮಗಳೂ ಹುಟ್ಟಿನಿಂದಲೇ ಹಕ್ಕುದಾರಳು. ಆ ದಿನ ಅಪ್ಪ ಬದುಕಿರಲೇಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಹೇಳಿ ಆ ಚರ್ಚೆಯನ್ನು ಮುಗಿಸಿದೆ. ಸ್ವಯಾರ್ಜಿತವಾದರೆ ಐದೂ ಮಕ್ಕಳು ಮೊದಲ ವರ್ಗದ ವಾರಸುದಾರರು. ಎರಡು ದಾರಿಯಲ್ಲೂ ಐದರಲ್ಲೊಂದು ಪಾಲು. ಹಾಗಾಗಿ ಹೆಣ್ಣುಮಕ್ಕಳಿಲ್ಲದೆ ಬರುವ ಡಿಕ್ರಿಯಲ್ಲಿ ಅವರ ಪಾಲು ತಪ್ಪುವುದಷ್ಟೇ ಅಲ್ಲ, ಉಳಿದ ಮೂವರ ಪಾಲಿನ ಅಂಕಿಯೂ ತಪ್ಪಾಗುತ್ತದೆ. ಸಾಲದ ದಾವೆಯಲ್ಲಿ ಇಬ್ಬರು ಸಾಲಗಾರರಲ್ಲಿ ಒಬ್ಬನನ್ನು ಬಿಟ್ಟರೂ ಇನ್ನೊಬ್ಬನ ಮೇಲೆ ಡಿಕ್ರಿ ಪಡೆಯಬಹುದು. ಪಾಲಿನ ದಾವೆಯಲ್ಲಿ ಒಬ್ಬರ ಭಾಗ ಎಷ್ಟೆಂದು ಹೇಳಬೇಕಾದರೆ ಎಲ್ಲರ ಭಾಗವೂ ಗೊತ್ತಿರಬೇಕು. ಪಾಲಿನ ದಾವೆಯಲ್ಲಿ ಪ್ರತಿಯೊಬ್ಬ ಪ್ರತಿವಾದಿಯೂ ಒಂದು ರೀತಿಯಲ್ಲಿ ವಾದಿಯೇ ಎಂದು ಕೋರ್ಟುಗಳು ಹೇಳುತ್ತ ಬಂದಿರುವುದು ಇದೇ ಕಾರಣಕ್ಕೆ.

ಕಾನೂನಿನ ಭಾಷೆಯಲ್ಲಿ ಇಂಥವರು ‘ಅವಶ್ಯಕ ಪಕ್ಷಗಾರರು’. ಅವರಿಲ್ಲದೆ ಪರಿಣಾಮಕಾರಿ ಆದೇಶವನ್ನೇ ಮಾಡಲಾಗದು. ಇವರಿಂದ ಒಂದು ಮೆಟ್ಟಿಲು ಕೆಳಗೆ ‘ಸೂಕ್ತ ಪಕ್ಷಗಾರರು’ ಇರುತ್ತಾರೆ. ಅವರಿಲ್ಲದೆಯೂ ಆದೇಶ ಮಾಡಬಹುದು, ಆದರೆ ಅವರಿದ್ದರೆ ವ್ಯಾಜ್ಯ ಪೂರ್ತಿ ಇತ್ಯರ್ಥವಾಗುತ್ತದೆ. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 1963ರ ಉದಿತ್ ನಾರಾಯಣ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟವಾಗಿ ಬಿಡಿಸಿಟ್ಟಿತು. ನಮ್ಮ ತೋಟದ ವಿಷಯದಲ್ಲಿ ಇಬ್ಬರು ಹೆಣ್ಣುಮಕ್ಕಳು ಮೊದಲ ಗುಂಪಿಗೆ ಸೇರಿದವರು. ಇದರಲ್ಲಿ ಎರಡು ಮಾತಿಲ್ಲ.

ಬೆಂಗಳೂರಿನಿಂದಲೇ ಹೊರಟ ಒಂದು ಹಳೆಯ ದಾವೆ ಈ ವಿಷಯದಲ್ಲಿ ಇವತ್ತಿಗೂ ವಕೀಲರ ನಾಲಗೆಯ ಮೇಲಿದೆ. ಅದೇ 1965ರ ವರದಿಗಳಲ್ಲಿ ಪ್ರಕಟವಾದ ಕನಕರತ್ನಮ್ಮಾಳ್ ಪ್ರಕರಣ. ತಾಯಿಯ ಆಸ್ತಿ ತನಗೊಬ್ಬಳಿಗೇ ಸೇರಬೇಕೆಂದು ಮಗಳು ದಾವೆ ಹೂಡಿದ್ದಳು. ಆಗ ಅನ್ವಯವಾಗುತ್ತಿದ್ದುದು 1933ರ ಮೈಸೂರು ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ. ಆಸ್ತಿ ತಾಯಿಯದೇ ಎಂಬುದನ್ನು ಸುಪ್ರೀಂ ಕೋರ್ಟ್ ಬಹುಮತದಿಂದ ಒಪ್ಪಿತು. ಆದರೆ ಆ ಕಾಯಿದೆಯ ಪ್ರಕಾರ ಮಗಳ ಜೊತೆ ಅವಳ ಇಬ್ಬರು ಸಹೋದರರೂ ವಾರಸುದಾರರಾಗಿದ್ದರು, ಅವರನ್ನು ಅವಳು ದಾವೆಗೆ ಸೇರಿಸಿರಲಿಲ್ಲ. ಮೂವರು ವಾರಸುದಾರರಿದ್ದಾರೆಂದು ವಿಚಾರಣಾ ಕೋರ್ಟೇ ಹೇಳಿದ ಮೇಲೂ ಅವಳು ಸಹೋದರರನ್ನು ತರಲು ಮುಂದಾಗಲಿಲ್ಲ. ಹೀಗೆ ಆಸ್ತಿಯ ಪ್ರಶ್ನೆಯಲ್ಲಿ ಗೆದ್ದವಳು ದಾವೆಯನ್ನು ಸೋತಳು. ಅವಶ್ಯಕ ಪಕ್ಷಗಾರರನ್ನು ಸೇರಿಸುವ ಕೆಲಸ ವಿಚಾರಣೆಯ ಹಂತದಲ್ಲೇ ಆಗಬೇಕು, ಅಪೀಲಿನ ಕೊನೆ ಮೆಟ್ಟಿಲಲ್ಲಿ ನಿಂತು ಆ ತಪ್ಪು ತಿದ್ದಿಕೊಳ್ಳಲು ಬಿಡಲಾಗದು ಎಂಬುದು ಕೋರ್ಟಿನ ನಿಲುವಾಗಿತ್ತು. ಹೀಗೆ ಹೇಳಬೇಕಾಗಿ ಬಂದದ್ದು ದುರದೃಷ್ಟಕರ ಎಂದೂ ಕೋರ್ಟೇ ಸೇರಿಸಿತು.

ಪಕ್ಷಗಾರರನ್ನು ಸೇರಿಸದಿದ್ದರೂ ದಾವೆ ಬೀಳುವುದಿಲ್ಲ ಎಂದು ಸಂಹಿತೆಯ ಆದೇಶ 1, ನಿಯಮ 9 ಹೇಳುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಹೇಳುವುದು ನಿಜ. ಆದರೆ 1976ರ ತಿದ್ದುಪಡಿ ಅದಕ್ಕೆ ಒಂದು ಪರಂತುಕ ಜೋಡಿಸಿತು: ಬಿಟ್ಟುಹೋದವರು ಅವಶ್ಯಕ ಪಕ್ಷಗಾರರಾಗಿದ್ದರೆ ಆ ರಕ್ಷಣೆ ಇಲ್ಲ. ನಡುವಿನವನ ಪಾಲಿಗೆ ಅಪಾಯ ಇರುವುದು ಇಲ್ಲಿ. ಅಕ್ಕ ತಂಗಿಯರನ್ನು ದೂರವಿಟ್ಟು 32 ಗುಂಟೆ ಉಳಿಸಿಕೊಳ್ಳಲು ಹೋದವನು ಹತ್ತು ವರ್ಷ ಅಲೆದು ಬರಿಗೈಯಲ್ಲಿ ಹೊರಬರಬಹುದು.

ಈಗ ತಂಗಿಯ ಕಡೆಗೆ ಬರೋಣ. ಹಾಸನದಲ್ಲಿರುವ ಅವಳಿಗೆ ದಾವೆಯ ಸುದ್ದಿ ಹೇಗೆ ಸಿಗುತ್ತದೆ? ಸಾಮಾನ್ಯವಾಗಿ ಮದುವೆ ಮನೆಯಲ್ಲೋ ತಿಥಿ ಮನೆಯಲ್ಲೋ. ಪಹಣಿ ತೆಗೆಸಿದಾಗ 11ನೇ ಕಾಲಂನಲ್ಲಿ ಕೋರ್ಟಿನ ತಡೆಯಾಜ್ಞೆಯ ನಮೂದು ಕಂಡು ತಿಳಿಯುವುದೂ ಉಂಟು. ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ, ತಾಲ್ಲೂಕು ಆರಿಸಿ ಅಣ್ಣನ ಹೆಸರು ಹಾಕಿದರೆ ದಾವೆಯ ನಂಬರು, ಮುಂದಿನ ತಾರೀಖು, ಯಾವ ಹಂತದಲ್ಲಿದೆ ಎಂಬುದೆಲ್ಲ ಸಿಗುತ್ತದೆ. ಹಂತ ತಿಳಿಯುವುದು ಮುಖ್ಯ. ‘ವಿವಾದಾಂಶ ರಚನೆ’ ಎಂದಿದ್ದರೆ ಆರಾಮ. ‘ವಾದ’ ಎಂದಿದ್ದರೆ ಓಡಬೇಕು.

ಅರ್ಜಿ ಎರಡು ಮೂರು ಪುಟದ್ದು. ಮೇಲೆ ಕೋರ್ಟಿನ ಹೆಸರು, ಒ.ಎಸ್. ನಂಬರು, ಈಗಿರುವ ವಾದಿ ಪ್ರತಿವಾದಿಗಳು, ಅದರ ಕೆಳಗೆ ಸೇರಬಯಸುವ ಪ್ರತಿವಾದಿಯಾಗಿ ಅವಳ ಹೆಸರು, ವಯಸ್ಸು, ವಿಳಾಸ. ಕೋರಿಕೆ ಒಂದೇ ವಾಕ್ಯದ್ದು: ತನ್ನನ್ನು ಈ ದಾವೆಯಲ್ಲಿ ಮೂರನೇ ಪ್ರತಿವಾದಿಯಾಗಿ ಸೇರಿಸಿಕೊಳ್ಳಬೇಕು. ಅರ್ಜಿಯ ಜೀವ ಇರುವುದು ಅದರ ಜೊತೆಗಿನ ಪ್ರಮಾಣಪತ್ರದಲ್ಲಿ. ತಾನು ಯಾರ ಮಗಳು, ಆಸ್ತಿ ಯಾರ ಹೆಸರಿನಲ್ಲಿದೆ, ಪಾಲು ಇದುವರೆಗೆ ಆಗಿಲ್ಲ, ತನ್ನನ್ನು ಬಿಟ್ಟು ವಂಶವೃಕ್ಷ ಕೊಟ್ಟಿದ್ದಾರೆ, ದಾವೆಯ ವಿಷಯ ತನಗೆ ಇಂಥ ದಿನ ಹೀಗೆ ಗೊತ್ತಾಯಿತು, ತಾನಿಲ್ಲದೆ ಡಿಕ್ರಿ ಆದರೆ ತನ್ನ ಐದರಲ್ಲೊಂದು ಪಾಲಿಗೆ ಧಕ್ಕೆಯಾಗುತ್ತದೆ. ಇಷ್ಟು ಸಾಕು. ಅಣ್ಣಂದಿರ ಗುಣ ದೋಷಗಳನ್ನು ಮೂರು ಪುಟ ಬರೆದು ತರುವವರಿದ್ದಾರೆ, ಅದರಿಂದ ಪಾಟೀಸವಾಲಿನ ದಿನ ಎದುರು ವಕೀಲರಿಗೆ ಕೆಲಸ ಹಗುರವಾಗುತ್ತದೆ.

ದಾಖಲೆಗಳಲ್ಲಿ ಮೊದಲಿಗೆ ಬೇಕಾದದ್ದು ತಾನು ಆ ಯಜಮಾನನ ಮಗಳೆಂದು ತೋರಿಸುವುದು. ನಾಡಕಚೇರಿಯಿಂದ ಹೊಸ ವಂಶವೃಕ್ಷ ಸಿಕ್ಕರೆ ಒಳ್ಳೆಯದು. ಆದರೆ ಅದಕ್ಕೆ ಅಣ್ಣಂದಿರೇ ಅಡ್ಡಗಾಲು ಹಾಕಬಹುದು. ಆಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಶಾಲೆಯ ವರ್ಗಾವಣೆ ಪತ್ರ, ಹಳೆಯ ಪಡಿತರ ಚೀಟಿ, ಅಪ್ಪನ ಹೆಸರಿರುವ ಲಗ್ನಪತ್ರಿಕೆ, ಇವು ಕೈಹಿಡಿಯುತ್ತವೆ. ಅರ್ಜಿ ತೀರ್ಮಾನಿಸುವ ಹಂತದಲ್ಲಿ ಕೋರ್ಟು ನೋಡುವುದು ಮೇಲ್ನೋಟಕ್ಕೆ ಹಕ್ಕಿನ ಎಳೆ ಕಾಣುತ್ತದೆಯೇ ಎಂದು ಮಾತ್ರ. ಹಕ್ಕು ಖಚಿತವಾಗಿ ಇದೆಯೋ ಇಲ್ಲವೋ ಎಂಬುದಕ್ಕೆ ಮುಂದೆ ಸಾಕ್ಷ್ಯ ಇದೆ.

ಅರ್ಜಿಯ ಪ್ರತಿ ಎಲ್ಲ ಕಡೆಯ ವಕೀಲರಿಗೂ ಹೋಗುತ್ತದೆ, ತಕರಾರು ಸಲ್ಲಿಸಲು ಒಂದು ತಾರೀಖು ಸಿಗುತ್ತದೆ. ತಕರಾರು ಹೊರಗೂ ಶುರುವಾಗುತ್ತದೆ.

“ನಿನ್ನ ಮದುವೆಗೆ ನಾವು ಖರ್ಚು ಮಾಡ್ಲಿಲ್ವೇನಮ್ಮ? ಒಡವೆ ಹಾಕ್ಲಿಲ್ವಾ? ಈಗ ಕೋರ್ಟಿಗೆ ಬಂದ್ರೆ ತವರಿನ ಬಾಗಿಲು ಮುಚ್ಚಿತು ಅಂದ್ಕೊ.”

“ಬಾಗಿಲು ತೆರೆದಿದ್ದಿದ್ರೆ ವಂಶವೃಕ್ಷದಲ್ಲಿ ನನ್ನ ಹೆಸರು ಇರ್ತಿತ್ತಲ್ಲಣ್ಣ.”

ಮದುವೆಗೆ ಮಾಡಿದ ಖರ್ಚು ಪಾಲಿಗೆ ಬದಲಿಯಲ್ಲ. ಸ್ಥಿರಾಸ್ತಿಯ ಹಕ್ಕು ಬಿಟ್ಟುಕೊಡಲು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ಅಂಥ ಪತ್ರ ಇದೆ ಎಂದು ಅಣ್ಣ ಹೇಳಿದರೂ, ಅದು ನಿಜವೋ ಮೋಸದಿಂದ ಬರೆಸಿಕೊಂಡದ್ದೋ ಎಂದು ಅವಳ ಎದುರಿನಲ್ಲೇ ವಿಚಾರಣೆ ಆಗಬೇಕು. ಅದನ್ನೇ ನೆಪವಾಗಿ ಹಿಡಿದು ಅವಳನ್ನು ಬಾಗಿಲಲ್ಲೇ ತಡೆಯುವುದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ‘ಬಾಯಿಮಾತಿನಲ್ಲಿ ಎಂದೋ ಪಾಲಾಗಿದೆ’ ಎಂಬುದು ಇನ್ನೊಂದು ತಕರಾರು. ಮಗಳ ಹಕ್ಕನ್ನು ತಪ್ಪಿಸಲು ಬಾಯಿಮಾತಿನ ಪಾಲನ್ನು ಸುಲಭವಾಗಿ ಒಪ್ಪಬಾರದು, ಸರ್ಕಾರಿ ದಾಖಲೆಗಳ ಬಲವಿರುವ ಅಪರೂಪದ ಸಂದರ್ಭದಲ್ಲಿ ಮಾತ್ರ ಒಪ್ಪಬಹುದು ಎಂದು ವಿನೀತಾ ಶರ್ಮಾ ತೀರ್ಪೇ ಎಚ್ಚರಿಸಿದೆ.

ಮೂರನೆಯ ತಕರಾರಿಗೆ ಸ್ವಲ್ಪ ತೂಕವಿದೆ. ಯಾರ ಮೇಲೆ ದಾವೆ ಹೂಡಬೇಕೆಂಬುದು ವಾದಿಯ ಇಷ್ಟ, ಅವನಿಗೆ ಬೇಡದವರನ್ನು ಅವನ ಮೇಲೆ ಹೇರುವಂತಿಲ್ಲ ಎಂಬುದು ಸಾಮಾನ್ಯ ನಿಯಮ. ಮಾರಾಟದ ಕರಾರು ಜಾರಿಗೊಳಿಸಬೇಕೆಂಬ ದಾವೆಯಲ್ಲಿ ಈ ನಿಯಮ ಗಟ್ಟಿಯಾಗಿ ನಿಲ್ಲುತ್ತದೆ. 2005ರ ಕಸ್ತೂರಿ ಪ್ರಕರಣದಲ್ಲಿ ಕರಾರಿಗೆ ಸಂಬಂಧವಿಲ್ಲದೆ ತಮ್ಮದೇ ಪ್ರತ್ಯೇಕ ಹಕ್ಕು ಹೇಳಿಕೊಂಡು ಬಂದವರನ್ನು ಸುಪ್ರೀಂ ಕೋರ್ಟ್ ಒಳಗೆ ಬಿಡಲಿಲ್ಲ. ಆದರೆ ಪಾಲಿನ ದಾವೆಯಲ್ಲಿ ಸಹಪಾಲುದಾರರ ಮುಂದೆ ವಾದಿಯ ಇಷ್ಟ ಬಾಗಲೇಬೇಕು. ನಿಯಮ 10(2) ಕೋರ್ಟಿಗೆ ಕೊಟ್ಟಿರುವ ಅಧಿಕಾರ ದೊಡ್ಡದು. ಯಾವ ಹಂತದಲ್ಲಾದರೂ, ಯಾರೂ ಅರ್ಜಿ ಹಾಕದಿದ್ದರೂ, ನ್ಯಾಯಾಧೀಶರು ತಾವಾಗಿಯೇ ಅವಶ್ಯಕ ಪಕ್ಷಗಾರರನ್ನು ಸೇರಿಸಬಹುದು.

ಇನ್ನು ರಸ್ತೆ ಬದಿಯ ಒಂದೂವರೆ ಎಕರೆ ಕೊಂಡವನ ವಿಷಯ. ನನಗೆ ಈ ದಾವೆಯಲ್ಲಿ ಅತ್ಯಂತ ಕುತೂಹಲದ ಪಾತ್ರ ಅವನೇ. ಅವನು ವಾರಸುದಾರನಲ್ಲ, ಅವನಿಲ್ಲದೆಯೂ ಯಾರ ಪಾಲು ಎಷ್ಟೆಂದು ಹೇಳಬಹುದು. ಆದರೆ ಲೆಕ್ಕ ನೋಡಿ. ಅವನು ಕೊಂಡದ್ದು 60 ಗುಂಟೆ. ಮೂರು ಪಾಲಿನ ಲೆಕ್ಕದಲ್ಲಿ ಹಿರಿಯನ ಭಾಗ 80, ಮಾರಿದ್ದು ಅದರೊಳಗೆ ಕೂರುತ್ತದೆ. ತಂಗಿಯ ಅರ್ಜಿ ಮಂಜೂರಾಗಿ ಐದು ಪಾಲಾದರೆ ಹಿರಿಯನಿಗೆ ಬರುವುದು 48. ಅಂದರೆ ಹನ್ನೆರಡು ಗುಂಟೆಯನ್ನು ಅವನು ತನ್ನದಲ್ಲದ್ದನ್ನು ಮಾರಿದಂತಾಯಿತು. ಕೊಂಡವನು ಕೋರ್ಟಿನಲ್ಲಿ ಇದ್ದರೆ, ಹಿರಿಯನ 48 ಗುಂಟೆಯನ್ನು ಆ ರಸ್ತೆ ಬದಿಯಲ್ಲೇ ಕೊಡಿ, ಕನಿಷ್ಠ ಅಷ್ಟಾದರೂ ನನಗೆ ಉಳಿಯಲಿ ಎಂದು ಕೇಳಬಹುದು. ಉಳಿದವರಿಗೆ ಅನ್ಯಾಯವಾಗದಿದ್ದರೆ ಕೋರ್ಟುಗಳು ಇದನ್ನು ಒಪ್ಪುವುದುಂಟು. ಅವನಿಲ್ಲದಾಗ ರಸ್ತೆ ಬದಿ ತಮ್ಮನ ಪಾಲಿಗೆ ಬಿತ್ತೆಂದರೆ, ಕ್ರಯಪತ್ರ ಹಿಡಿದು ಅವನು ಇನ್ನೊಂದು ದಾವೆ ಹೂಡುತ್ತಾನೆ. ಹೋದ ಹನ್ನೆರಡು ಗುಂಟೆಯ ಹಣಕ್ಕೆ ಅವನು ಮಾರಿದವನನ್ನೇ ಹಿಡಿಯಬೇಕು, ಆ ಮಾತು ಬೇರೆ.

ಇದು ದಾವೆಗೆ ಮೊದಲೇ ಕೊಂಡವನ ಮಾತಾಯಿತು. ದಾವೆ ನಡೆಯುತ್ತಿರುವಾಗ ಕೊಂಡವನ ಸ್ಥಿತಿ ಇಷ್ಟು ಗಟ್ಟಿಯಲ್ಲ. ಸ್ವತ್ತು ವರ್ಗಾವಣೆ ಕಾಯಿದೆಯ ಕಲಂ 52ರಂತೆ ಆ ಕ್ರಯ ದಾವೆಯ ಫಲಿತಾಂಶಕ್ಕೆ ಕಟ್ಟುಬಿದ್ದದ್ದು. ಅವನನ್ನು ಸೇರಿಸದಿದ್ದರೂ ಡಿಕ್ರಿ ಅವನಿಗೆ ಅನ್ವಯಿಸುತ್ತದೆ. ಆದರೂ ಮಾರಿದವನು ಇನ್ನು ತನಗೇನೆಂದು ಕೋರ್ಟಿಗೆ ಬರುವುದನ್ನೇ ಬಿಟ್ಟಿದ್ದರೆ, ಅವನ ಜಾಗದಲ್ಲಿ ನಿಂತು ವಾದಿಸಲು ಕೊಂಡವನು ಅರ್ಜಿ ಹಾಕಬಹುದು, ಕೋರ್ಟು ಅನುಮತಿ ಕೊಡುವುದೂ ಉಂಟು.

ಪಕ್ಕದ ಜಮೀನಿನವನು ಬಂದು ‘ಆ ಸರ್ವೆ ನಂಬರಿನಲ್ಲಿ ಅರ್ಧ ನನ್ನದು, ನನ್ನನ್ನೂ ಸೇರಿಸಿ’ ಎಂದರೆ? ಅವನ ಹಕ್ಕು ಈ ಯಜಮಾನನ ಮೂಲಕ ಬಂದದ್ದಲ್ಲ, ಅದಕ್ಕೆ ವಿರುದ್ಧವಾದದ್ದು. ಅವನನ್ನು ಒಳಗೆ ಬಿಟ್ಟರೆ ಮನೆಯವರ ಪಾಲಿನ ದಾವೆ ಗಡಿ ಮತ್ತು ಒಡೆತನದ ದಾವೆಯಾಗಿ ಬದಲಾಗುತ್ತದೆ. ಅವನಿಗೆ ಬೇರೆ ದಾವೆಯ ದಾರಿ ಇದೆ, ಕುಟುಂಬದ ಡಿಕ್ರಿ ಅವನನ್ನು ಕಟ್ಟುವುದೂ ಇಲ್ಲ. ಸಾಮಾನ್ಯವಾಗಿ ಇಂಥ ಅರ್ಜಿ ವಜಾ ಆಗುತ್ತದೆ.

ಜನ ಗೊಂದಲಕ್ಕೆ ಬೀಳುವ ಇನ್ನೊಂದು ಸಂಗತಿ ಸಾವಿನದು. ದಾವೆಯಲ್ಲಿ ಆಗಲೇ ಇದ್ದ ತಮ್ಮ ನಡುವೆ ತೀರಿಕೊಂಡರೆ ಅವನ ಹೆಂಡತಿ ಮಕ್ಕಳನ್ನು ತರುವುದು ಇಂಪ್ಲೀಡಿಂಗ್ ಅರ್ಜಿಯಿಂದಲ್ಲ, ಆದೇಶ 22ರ ಅರ್ಜಿಯಿಂದ. ಅದಕ್ಕೆ 90 ದಿನಗಳ ಗಡುವು ಇದೆ. ಗಡುವು ಮೀರಿದರೆ ಅವನ ಮಟ್ಟಿಗೆ ದಾವೆ ತಾನಾಗಿಯೇ ಕೊನೆಗೊಳ್ಳುತ್ತದೆ, ಅದನ್ನು ಮತ್ತೆ ಎಬ್ಬಿಸಲು ಕಾರಣ ಕೊಟ್ಟು ಬೇರೆ ಅರ್ಜಿ ಹಾಕಬೇಕು. ಎಂದೂ ಪಕ್ಷಗಾರರೇ ಆಗಿರದ ಅಕ್ಕ ತಂಗಿಯರಿಗೆ ಮಾತ್ರ ನಿಯಮ 10(2).

ಹಾಗಾದರೆ ಇಂಪ್ಲೀಡಿಂಗಿಗೆ ಕಾಲಮಿತಿಯೇ ಇಲ್ಲವೇ? ಅರ್ಜಿಗೆ ಇಲ್ಲ, ಆದರೆ ಹಕ್ಕಿಗೆ ಇದೆ. ಲಿಮಿಟೇಶನ್ ಕಾಯಿದೆಯ ಕಲಂ 21ರಂತೆ, ಹೊಸದಾಗಿ ಸೇರಿದವರ ಮಟ್ಟಿಗೆ ದಾವೆ ಶುರುವಾದದ್ದು ಅವರು ಸೇರಿದ ದಿನದಿಂದ. ಒಟ್ಟುಕುಟುಂಬದ ಆಸ್ತಿಯಿಂದ ಹೊರಗಿಡಲ್ಪಟ್ಟವರು ಹಾಗೆ ಹೊರಗಿಟ್ಟದ್ದು ತಿಳಿದಂದಿನಿಂದ 12 ವರ್ಷದೊಳಗೆ ಪಾಲು ಕೇಳಬೇಕು. ‘ನಿನಗೆ ಪಾಲಿಲ್ಲ’ ಎಂದು ಅಣ್ಣ ಖಡಾಖಂಡಿತ ಹೇಳಿದ್ದು ಹದಿಮೂರು ವರ್ಷದ ಹಿಂದೆ, ದಾವೆ ಹೂಡಿದ್ದು ನಾಲ್ಕು ವರ್ಷದ ಹಿಂದೆ ಎಂದಾದರೆ, ಇಂದು ಸೇರುವ ತಂಗಿಯ ಎದುರು ಕಾಲಮಿತಿಯ ವಾದ ಎದ್ದು ನಿಲ್ಲುತ್ತದೆ. ಬಿಟ್ಟುಹೋದದ್ದು ಸದ್ಭಾವನೆಯ ತಪ್ಪಿನಿಂದ ಎಂದು ಮನವರಿಕೆಯಾದರೆ ಹಿಂದಿನ ದಿನಾಂಕದಿಂದಲೇ ಸೇರಿದಂತೆ ಕೋರ್ಟು ನಿರ್ದೇಶಿಸಬಹುದು. ಬರಿಯ ಸುಮ್ಮನಿರುವಿಕೆ, ಅಣ್ಣ ಅನುಭವಿಸುತ್ತಿದ್ದ ಎಂಬುದು, ಇವು ಹೊರಗಿಟ್ಟಂತೆ ಆಗುವುದಿಲ್ಲ. ಒಬ್ಬ ಪಾಲುದಾರನ ಅನುಭೋಗ ಎಲ್ಲರ ಪರವಾಗಿ ಎಂಬುದು ಇಲ್ಲಿನ ಮೂಲ ತತ್ವ.

ಅರ್ಜಿ ಮಂಜೂರಾಯಿತು ಎಂದಿಟ್ಟುಕೊಳ್ಳಿ. ಎಷ್ಟೋ ಮಂದಿ ಅಲ್ಲಿಗೇ ನಿಶ್ಚಿಂತರಾಗಿಬಿಡುತ್ತಾರೆ. ಆದೇಶವಾದ ಮೇಲೆ ವಾದಿ ತನ್ನ ದಾವಾಪತ್ರ ತಿದ್ದಿ, ಹೊಸ ಪ್ರತಿವಾದಿಯ ಹೆಸರು ಸೇರಿಸಿ, ತಿದ್ದಿದ ಪ್ರತಿಯನ್ನು ಅವಳಿಗೆ ಕೊಡಬೇಕು. ಮನಸ್ಸಿಲ್ಲದ ವಾದಿ ಇಲ್ಲಿ ತಾರೀಖಿನ ಮೇಲೆ ತಾರೀಖು ಕೇಳಿ ಎಳೆಯುತ್ತಾನೆ. ತಂಗಿಯ ವಕೀಲರು ಪ್ರತಿ ತಾರೀಖಿಗೂ ಅದನ್ನು ಕೋರ್ಟಿನ ಗಮನಕ್ಕೆ ತರಬೇಕು. ಬಳಿಕ ಅವಳು ತನ್ನ ಲಿಖಿತ ಹೇಳಿಕೆ ಸಲ್ಲಿಸಬೇಕು, ಅದಕ್ಕೆ 30 ದಿನ, ಕಾರಣವಿದ್ದರೆ 90 ದಿನದವರೆಗೆ. ಅದರಲ್ಲಿ ‘ನಾನೂ ವಾರಸುದಾರಳು’ ಎಂದಷ್ಟೇ ಬರೆದು ಬಿಡಬಾರದು. ನನ್ನ ಐದರಲ್ಲೊಂದು ಪಾಲನ್ನೂ ಬೇರೆ ಮಾಡಿ ಸ್ವಾಧೀನ ಕೊಡಿಸಿ ಎಂದು ಕೇಳಿ, ಅದಕ್ಕೆ ತಗಲುವ ಕೋರ್ಟ್ ಶುಲ್ಕ ಕಟ್ಟಬೇಕು. ಜಂಟಿ ಸ್ವಾಧೀನದಲ್ಲಿದ್ದೇನೆ ಎನ್ನುವವರಿಗೆ ಕರ್ನಾಟಕದ 1958ರ ಕೋರ್ಟ್ ಶುಲ್ಕ ಕಾಯಿದೆಯಲ್ಲಿ ಅದು ಸಣ್ಣ ನಿಗದಿತ ಮೊತ್ತ. ಸ್ವಾಧೀನದಿಂದ ಪೂರ್ತಿ ಹೊರದಬ್ಬಿಸಿಕೊಂಡವರು ಪಾಲಿನ ಮೌಲ್ಯದ ಮೇಲೆ ಕಟ್ಟಬೇಕಾಗುತ್ತದೆ. ವಾದಿಯ ಸಾಕ್ಷ್ಯ ಆಗಲೇ ಮುಗಿದಿದ್ದರೆ, ಅವನನ್ನು ಮತ್ತೆ ಕಟಕಟೆಗೆ ಕರೆಸಿ ತನ್ನ ಕಡೆಯಿಂದ ಪಾಟೀಸವಾಲು ಮಾಡಲು ಅವಕಾಶ ಕೇಳಬೇಕು. ಅವಳ ಬೆನ್ನ ಹಿಂದೆ ದಾಖಲಾದ ಸಾಕ್ಷ್ಯವನ್ನು ಅವಳ ಮೇಲೆ ಹಾಗೆಯೇ ಹೇರುವಂತಿಲ್ಲ.

ಅರ್ಜಿ ವಜಾ ಆದರೆ? ನಿಯಮ 10(2)ರ ಆದೇಶದ ಮೇಲೆ ಸಾಮಾನ್ಯ ಅಪೀಲು ಇಲ್ಲ. ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕುವುದು ರೂಢಿ. ತಿಪಟೂರಿನವರು ಬೆಂಗಳೂರಿಗೆ, ಗದಗಿನವರು ಧಾರವಾಡ ಪೀಠಕ್ಕೆ, ಯಾದಗಿರಿಯವರು ಕಲಬುರಗಿ ಪೀಠಕ್ಕೆ ಹೋಗುತ್ತಾರೆ. ಹೈಕೋರ್ಟು ಅಲ್ಲಿ ಪಾಲಿನ ಲೆಕ್ಕ ಮಾಡಲು ಕೂರುವುದಿಲ್ಲ, ಕೆಳಗಿನ ಕೋರ್ಟು ತನ್ನ ಅಧಿಕಾರವನ್ನು ಸರಿಯಾಗಿ ಬಳಸಿತೇ ಎಂದು ಮಾತ್ರ ನೋಡುತ್ತದೆ.

ಇಷ್ಟೆಲ್ಲ ಆಗುವ ಮೊದಲೇ ಅಣ್ಣ ತಮ್ಮಂದಿರು ರಾಜಿಯಾಗಿ ಪ್ರಾಥಮಿಕ ಡಿಕ್ರಿ ಪಡೆದುಬಿಟ್ಟರೆ ಬಾಗಿಲು ಪೂರ್ತಿ ಮುಚ್ಚಿದಂತೆ ಅಲ್ಲ. ಪ್ರಾಥಮಿಕ ಡಿಕ್ರಿ ಹೇಳುವುದು ಯಾರಿಗೆ ಎಷ್ಟು ಎಂದು. ಯಾವ ಗುಂಟೆ ಯಾರಿಗೆ ಎಂದು ಹೇಳುವುದು ಅಂತಿಮ ಡಿಕ್ರಿ. ಅಲ್ಲಿಯತನಕ ದಾವೆ ಬಾಕಿ ಇದೆ ಎಂದೇ ಲೆಕ್ಕ. ಕಾರಣವಿದ್ದರೆ ಒಂದೇ ದಾವೆಯಲ್ಲಿ ಎರಡನೆಯ ಪ್ರಾಥಮಿಕ ಡಿಕ್ರಿ ಆಗಬಹುದೆಂದು ಸುಪ್ರೀಂ ಕೋರ್ಟ್ 1967ರಲ್ಲೇ ಫೂಲ್‌ಚಂದ್ ಪ್ರಕರಣದಲ್ಲಿ ಹೇಳಿದೆ. ಆ ನಡುವಿನ ಅವಧಿಯಲ್ಲಿ ಮನೆ, ನಿವೇಶನವಾದರೆ ಕೋರ್ಟ್ ಕಮಿಷನರ್ ಅಳತೆಗೆ ಬರುತ್ತಾರೆ. ಕಂದಾಯ ನಿಗದಿಯಾದ ತೋಟವಾದರೆ ಕಡತ ಜಿಲ್ಲಾಧಿಕಾರಿ ಕಚೇರಿಯ ಮೂಲಕ ಕೆಳಗಿಳಿದು ಸರ್ವೇಯರ್ ಕೈ ಸೇರುತ್ತದೆ. ತೋಟದಲ್ಲಿ ಸರಪಳಿ ಎಳೆಯುವುದನ್ನು ಕಂಡು ಓಡಿಬಂದವರ ಅರ್ಜಿಯನ್ನೂ ಕೋರ್ಟು ಪರಿಗಣಿಸಬಹುದು, ತಡವಾದದ್ದಕ್ಕೆ ಖರ್ಚು ಕಟ್ಟಿಸಬಹುದು. ಅಂತಿಮ ಡಿಕ್ರಿಯಾಗಿ, ಪೋಡಿಯಾಗಿ, ಮೂವರ ಹೆಸರಿಗೆ ಬೇರೆ ಬೇರೆ ಖಾತೆ ಏರಿದ ಮೇಲೆ ಸೇರಿಕೊಳ್ಳಲು ದಾವೆಯೇ ಉಳಿದಿರುವುದಿಲ್ಲ. ತಾನಿರದ ಡಿಕ್ರಿ ತನ್ನನ್ನು ಕಟ್ಟುವುದಿಲ್ಲ ಎಂದು ತಂಗಿ ಆಗಲೂ ಹೇಳಬಹುದು, ಆದರೆ ಅದನ್ನು ಹೊಸ ದಾವೆ ಹೂಡಿ, ಆ ಹೊತ್ತಿಗೆ ತೋಟ ಕೊಂಡಿರುವ ಎಲ್ಲರನ್ನೂ ಪ್ರತಿವಾದಿಗಳನ್ನಾಗಿ ಮಾಡಿ ಹೇಳಬೇಕಾಗುತ್ತದೆ.